ಆನೆಗೆ ಬಡಿಸಿದ ಭತ್ತ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಖಾನಾಪುರದ ಕಡೆ, ಕಾಡಿನಂಚಿನ ಊರಲ್ಲಿತ್ತು. ಮಣ್ಣಿನ ಗೋಡೆ, ನಾಡಹೆಂಚು. ಸುಗ್ಗಿಯ ದಿನ. ಅವ್ವ, ಅಪ್ಪ ಬೆಳಗಿನಿಂದ ಹಂಡೆಗಟ್ಟಲೆ ಭತ್ತ ಕುದಿಸಿ, ಪಡಸಾಲೆಯ ಗೋಡೆಗುಂಟ ಹರವಿದ್ದರು. ಸಂಕ್ರಾಂತಿವರೆಗಿನ ಅನ್ನ ಅದು. ಸಂಜೆ ಎಲ್ಲರ ಕೈಗಳೂ ಸೋತಿದ್ದವು.

ಆಗ ಹಳ್ಳದ ಕಬ್ಬಿನಲ್ಲಿ ಆನೆಗಳಿವೆ ಎಂಬ ಸುದ್ದಿ ಬಂತು. ಗಾಳಿ ನಮ್ಮ ಮನೆಯಿಂದ ಅತ್ತಲೇ ಬೀಸುತ್ತಿತ್ತು. ಕುದಿಸಿದ ಭತ್ತದ ವಾಸನೆಗೆ ಆನೆ ಗೋಡೆಯನ್ನೇ ಒಡೆಯುತ್ತದೆ.

"ಭತ್ತ ಹೊರಗ ಹಾಕೂಣ್ರಿ," ಎಂದಳು ಅವ್ವ.

"ಎಲಿ ಹಾಕಿ ಬಡಸ್ಲೇನು?" ಅಪ್ಪ ಸಿಡುಕಿದ.

"ಬಡಸ್ರಿ. ಒಳಗ ಬಂದು ಉಂಡ್ರ ಗ್ವಾಡಿ ಮಕ್ಕಳ ಮ್ಯಾಲ ಬೀಳ್ತದ."

ಇಬ್ಬರೂ ಬುಟ್ಟಿ ತುಂಬಿ ತುಂಬಿ ಅಂಗಳದಾಚೆಯ ಕಣಕ್ಕೆ ಹೊತ್ತರು. ಭತ್ತದ ವಾಸನೆ ಉಳಿಯದಂತೆ ಅವ್ವ ಪಡಸಾಲೆಯನ್ನು ಸಗಣಿಯಿಂದ ಸಾರಿಸಿದಳು. ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ದೀಪ ಆರಿಸಿದಳು. ಅಕ್ಕ ನಾಯಿಯನ್ನು ಒಳಗೆ ಎಳೆದು ಬಾಯಿ ಹಿಡಿದು ಕೂತಳು. ಹೊರಗಿದ್ದರೆ ಅದು ಬೊಗಳಿ ಆನೆಯನ್ನು ಕೆಣಕಿ, ಅಟ್ಟಿಸಿಕೊಂಡು ನಮ್ಮ ಬಾಗಿಲಿಗೇ ಓಡಿಬರುತ್ತಿತ್ತು. ನಾವು ಹಿತ್ತಲ ಕೋಣೆಯಲ್ಲಿ ಒಬ್ಬರಿಗೊಬ್ಬರು ಒರಗಿ ಕೂತೆವು.

ಹೆಜ್ಜೆ ಕೇಳಿಸಲೇ ಇಲ್ಲ. ಮೊದಲು ಬಂದದ್ದು ವಾಸನೆ: ಹಸಿ ಸೊಪ್ಪು, ಕೆಸರು, ಲದ್ದಿ. ಆಮೇಲೆ ಎದೆಯೊಳಗೇ ನಡುಗಿದಂಥ ಗುಡುಗುಡು. ಪಡಸಾಲೆಯ ಗೋಡೆಗೆ ಸೊಂಡಿಲು ತಾಗಿ ಸುಯ್ ಎಂದಿತು. ಮೇಲಿನಿಂದ ಮಣ್ಣು ಉದುರಿತು. ಕಿಟಕಿಯಿಂದ ಸೊಂಡಿಲ ತುದಿ ಒಳಗೆ ಬಂದದ್ದು ನನಗೆ ನೆನಪಿದೆ. ಆ ಗೋಡೆಗೆ ಕಿಟಕಿಯೇ ಇರಲಿಲ್ಲ ಎನ್ನುತ್ತಾಳೆ ಅಕ್ಕ. ನಾನು ಆಗಲೇ ತೂಕಡಿಸುತ್ತಿದ್ದೆನಂತೆ. ಇರಬಹುದು.

ಕಣದಲ್ಲಿ ಭತ್ತ ಮುಕ್ಕುವ ಸದ್ದು. ಅಪ್ಪ ಎದ್ದು ಡಬ್ಬ ಬಡಿಯಲು ಹೊರಟ. ಅಷ್ಟರಲ್ಲಿ ಮರಿಯೊಂದು ಕೀಚಲು ದನಿಯಲ್ಲಿ ಕೂಗಿತು. ಅವ್ವ ಅವನ ಅಂಗಿ ಜಗ್ಗಿದಳು. ಮರಿಯಿದ್ದಾಗ ಗದ್ದಲ ಮಾಡಿದರೆ ತಾಯಿ ತಿರುಗಿ ಮೈಮೇಲೆ ಬರುತ್ತಾಳೆ. ಅಪ್ಪ ಕುಸಿದು ಕೂತ.

ಎಷ್ಟೋ ಹೊತ್ತಿಗೆ ಎಲ್ಲ ನಿಶ್ಶಬ್ದವಾಯಿತು. ಅಪ್ಪ ಅಗಳಿಗೆ ಕೈ ಹಾಕಿದ.

"ತಡೀರಿ," ಅವ್ವ ಪಿಸುಗುಟ್ಟಿದಳು. "ಗುಂಪಿನ ಹಿಂದ ಒಂಟಿ ಸಲಗ ಬಂದ್ರೂ ಬರ್ತದ. ನಾಯಿ ನೋಡ್ರಿ."

ನಾಯಿಯ ಕಿವಿ ಇನ್ನೂ ನಿಮಿರಿತ್ತು. ಬಾಗಿಲ ಆಚೆಯೇ ಒಂದು ಕೊಂಬೆ ಲಟಕ್ಕೆಂದಿತು. ಅಪ್ಪ ಕೈ ತೆಗೆದ. ಕೊನೆಗೆ ನಾಯಿ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಾಗ ಮಾತ್ರ ಅವ್ವ ಉಸಿರು ಬಿಟ್ಟಳು.

ಬೆಳಿಗ್ಗೆ ಗೋಡೆ ಬಿರುಕು ಬಿಟ್ಟಿತ್ತು, ಆದರೆ ನಿಂತಿತ್ತು. ಕಣದಲ್ಲಿ ಲದ್ದಿ, ತುಳಿದ ಭತ್ತ. ಅವ್ವ ಮೊರ ಹಿಡಿದು ಕೂತಳು. ಉಳಿದಷ್ಟನ್ನು ಆರಿಸಿ, ತೊಳೆದು, ಮತ್ತೆ ಹಂಡೆಗೆ ಬೆಂಕಿ ಹಚ್ಚಿದಳು.

ಮಕ್ಕಳೇ, ಈಗ ನಾವು ಬೆಳಗಾವಿಯ ಅನಗೋಳದ ಮನೆಯಲ್ಲಿದ್ದೇವೆ. ರಾತ್ರಿ ಬೀದಿದೀಪ ಆರುವುದಿಲ್ಲ, ಹಾರ್ನ್ ನಿಲ್ಲುವುದಿಲ್ಲ. ಖಾನಾಪುರದ ಕಡೆ ಆನೆ ಬಂದಿದೆ ಎಂದು ಮೊಬೈಲಿಗೆ ಮೆಸೇಜ್ ಬಂದರೆ ನೀವು, "ಅಜ್ಜಾ, ವಿಡಿಯೋ ಐತೇನು?" ಎಂದು ಓಡಿಬರುತ್ತೀರಿ. ಊರಲ್ಲೇ ಇರುವ ನನ್ನ ಅಕ್ಕನಿಗೆ ಫೋನ್ ಮಾಡು ಎನ್ನುತ್ತೀರಿ.

ಬೆಳಗಾಗುವವರೆಗೆ ನಾನು ಮಾಡುವುದಿಲ್ಲ. ಆ ಹೊತ್ತಿನಲ್ಲಿ ಅವಳ ಮನೆಯಲ್ಲಿ ಫೋನ್ ಸದ್ದು ಮಾಡಬಾರದು.