ಭಾನುವಾರದ ನಿದ್ದೆ

ಭಾನುವಾರ ಬಿಸಿಲು ಏರುವ ತನಕ ನಿಮ್ಮಮ್ಮ ಮಲಗಿದ್ದರೆ ನೀವು ನಗುತ್ತೀರಿ. ಆ ನಿದ್ದೆಗಾಗಿ ನಮ್ಮ ಮನೆಯಲ್ಲಿ ರಕ್ತ ಬಿದ್ದಿದೆ, ಮಕ್ಕಳೇ.

ಆಗ ನಿಮ್ಮ ತಾತ ಕುಣಿಗಲ್ಲಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. ನಿಮ್ಮಮ್ಮ ಒಂಬತ್ತನೇ ಕ್ಲಾಸು. ತುಮಕೂರಿನ ಜಿಲ್ಲಾ ಓಟಕ್ಕೆ ಆಯ್ಕೆಯಾಗಿದ್ದಳು. ಕತ್ತಲಿರುವಾಗಲೇ ತಾತ ಅವಳನ್ನು ಕೆರೆ ಏರಿಯ ಮೇಲೆ ಓಡಿಸುತ್ತಿದ್ದರು. ಆಮೇಲೆ ಸ್ಕೂಲು, ಸಂಜೆ ಮತ್ತೆ ಓಟ, ಊಟ ಮಾಡಿ ಹೋಂವರ್ಕ್ ಮುಗಿಸುವಷ್ಟರಲ್ಲಿ ಹತ್ತು ಗಂಟೆ. ಕ್ಲಾಸಿನಲ್ಲಿ ತೂಕಡಿಸಿ ಬೆತ್ತದೇಟು ತಿಂದು ಬರುತ್ತಿದ್ದಳು.

ಸ್ಕೂಲಿನ ಡ್ರಿಲ್ ಮೇಷ್ಟ್ರು ಮನೆಗೇ ಬಂದು ಹೇಳಿದ್ದರು: "ಬೆಳೆಯೋ ಮೂಳೆ, ಯಜಮಾನ್ರೆ. ಬೇಗ ಮಲಗಿಸಿ. ವಾರಕ್ಕೊಂದು ದಿನ ಓಟ ಬೇಡ. ಮೈ ಗಟ್ಟಿಯಾಗೋದು ಓಡೋವಾಗಲ್ಲ, ಮಲಗಿರೋವಾಗ."

ಅವರು ಹೋದ ಮೇಲೆ ತಾತ ನಕ್ಕರು. "ಮಲಗಿದೋರು ಗೆದ್ದಿದ್ದುಂಟೇನ್ಲೇ?"

ಮೊಣಕಾಲ ಕೆಳಗೆ ನೋವು ಅಂತ ಅವಳು ಹೇಳತೊಡಗಿ ಎರಡು ವಾರವಾಗಿತ್ತು. ಮೊದಮೊದಲು ಓಡುವಾಗ ಮಾತ್ರ ನೋವು, ಆಮೇಲೆ ನಡೆದರೂ. ನಾನು ಹರಳೆಣ್ಣೆ ಹಚ್ಚುತ್ತಿದ್ದೆ.

ಒಂದು ಭಾನುವಾರ ಅವಳು ಏಳಲೇ ಇಲ್ಲ. ತಾತ ಒಂದು ಚೊಂಬು ನೀರು ಸುರಿದರು. ಜಡೆ ಹಿಡಿದು ಎಳೆದರು. ಅವಳು ಅವರ ಕೈ ಕಚ್ಚಿದಳು. ಕುದುರೆಯ ಬಾರು ಗೂಟದಲ್ಲಿತ್ತು. ಅದು ಅವಳ ಬೆನ್ನ ಮೇಲೆ ಚಟಾರೆಂದಿತು. ನಾನು ಅಡ್ಡ ಹೋದೆ. ಮುಂದಿನ ಏಟಿಗೆ ನನ್ನ ತುಟಿ ಸೀಳಿತು.

"ಕುಂಟೋ ಕುದುರೇನ ಓಡಿಸ್ತೀರೇನ್ರೀ ನೀವು?" ಅಂದೆ. ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು.

"ಕುದುರೆ ಬೆಲೆ ಗೊತ್ತೇನೇ ನಿಂಗೆ?"

ಆ ಮಾತಿಗೆ ನನ್ನ ಕೈ ಒಲೆ ಪಕ್ಕದ ಮುದ್ದೆಕೋಲಿಗೆ ಹೋಯಿತು. ಅವರ ಮಣಿಕಟ್ಟಿಗೆ ಬೀಸಿ ಹೊಡೆದೆ. ಬಾರು ಬಿತ್ತು. ಇನ್ನೊಂದು ಹೊಡೆದೆ, ಭುಜಕ್ಕೆ. ಅವರು ಗೋಡೆಗೆ ಒರಗಿದರು.

"ದಿನಾ ಬೆಳಿಗ್ಗೆ ಕುದುರೆ ಕಾಲು ಮುಟ್ಟಿ ಬಿಸಿ ಇದ್ಯಾ ಅಂತ ನೋಡ್ತೀರಲ್ಲ. ಇವಳ ಕಾಲು ಮುಟ್ಟಿ."

ಮುಟ್ಟಿದರು. ಮೊಣಕಾಲ ಕೆಳಗಿನ ಮೂಳೆಯುದ್ದಕ್ಕೂ ಹೆಬ್ಬೆರಳು ಇಳಿಸುತ್ತ ಬಂದರು. ಒಂದೇ ಒಂದು ಜಾಗದಲ್ಲಿ ಅವಳು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯವರು ಓಡಿ ಬಂದರು. ತಾತನ ಮುಖ ಬಿಳಿಚಿಕೊಂಡಿತು. ಕುದುರೆ ಕಾಲಲ್ಲಿ ಅಂಥ ಜಾಗ ಎಂದರೇನು ಅಂತ ಅವರಿಗೆ ಗೊತ್ತಿತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಕೂದಲೆಳೆಯಷ್ಟು ಬಿರುಕು ಅಂದರು. ಹಾಗೇ ಓಡಿಸಿದ್ದರೆ ಪೂರ್ತಿ ಮುರಿಯುತ್ತಿತ್ತಂತೆ. ಆ ವರ್ಷದ ಓಟ ತಪ್ಪಿತು. ತಿಂಗಳುಗಟ್ಟಲೆ ಬರೀ ನಿದ್ದೆ, ಹಾಲು, ರಾಗಿ ಅಂಬಲಿ, ಆಮೇಲೆ ನಡಿಗೆ, ನೋವಿಲ್ಲ ಅಂದ ಮೇಲೆ ಸ್ವಲ್ಪ ಸ್ವಲ್ಪವೇ ಓಟ.

ಮರುವರ್ಷ ತುಮಕೂರಿನಲ್ಲಿ ಓಡಿದಳು. ಮೂರನೆಯವಳಾಗಿ ಬಂದಳು, ಎರಡೂ ಕಾಲ ಮೇಲೆ ನೆಟ್ಟಗೆ ನಿಂತಳು.

ತಾತ ತಪ್ಪಾಯಿತು ಅನ್ನಲಿಲ್ಲ. ನಾನೂ ಕೇಳಲಿಲ್ಲ. ಪ್ರತಿ ಶನಿವಾರ ಸಂಜೆ ಮುದ್ದೆಕೋಲು ತೊಳೆದು ಅವಳ ತಲೆದಿಂಬಿನ ಪಕ್ಕ ಇಡುತ್ತಿದ್ದೆ. ಭಾನುವಾರ ಬೆಳಿಗ್ಗೆ ಅವರು ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದು, ಆ ಕೋಲು ದಾಟಿ, ಕುದುರೆಗಳ ಹತ್ತಿರ ಹೋಗುತ್ತಿದ್ದರು.