ಮಹಾಲಿಂಗಪ್ಪನವರ ಕಾಮಣ್ಣ

ನಮ್ಮ ಬ್ಯಾಟರಾಯನಪುರದ ಅಪಾರ್ಟ್‌ಮೆಂಟಿಗೆ ಹೋಳಿ ಹುಣ್ಣಿಮೆಯನ್ನು ತಂದವರು ಮಹಾಲಿಂಗಪ್ಪನವರು. ಬಾಗಲಕೋಟೆ ಕಡೆಯವರು. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮೇಲೆ ದುಡಿದು ನಿವೃತ್ತರಾದರೂ ಎಲ್ಲವನ್ನೂ ಅಳೆದು ತೂಗಿಯೇ ಮಾಡುವ ಚಾಳಿ ಬಿಟ್ಟಿರಲಿಲ್ಲ. ಕಾಮನನ್ನು ಸುಡುವ ಜಾಗವನ್ನು ಕಾರು, ಕರೆಂಟು ತಂತಿಗಳಿಂದ ದೂರ ಹಿತ್ತಲ ಮೂಲೆಯಲ್ಲಿ ಗುರುತು ಹಾಕಿ, ಕೆಳಗೆ ಮರಳು ಹಾಸಿ, ಎರಡು ಡ್ರಮ್ಮು ನೀರಿಟ್ಟು, ನೈಲಾನ್ ಸೀರೆಯವರನ್ನು ಹಿಂದಕ್ಕೆ ಅಟ್ಟುತ್ತಿದ್ದರು. ಸೀಮೆಎಣ್ಣೆ ಹನಿಯೂ ಕೂಡದು. ಬೂದಿ ತಣ್ಣಗಾಗುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರು ಹಟಮಾರಿ. "ಕಾಮಣ್ಣಗ ಕದ್ದ ಕಟಗೀನ ಆಗಬೇಕ್ರೀ ವನಿತಾ ಮೇಡಂ. ಕೊಂಡು ತಂದ್ರ ಅದು ಅಡಗೀ ಒಲಿ ಆಕ್ಕೈತಿ."

ನಾನು ಆಗ ಅಸೋಸಿಯೇಷನ್ನಿನ ಸೆಕ್ರೆಟರಿ. ನಕ್ಕು ಸುಮ್ಮನಾಗುತ್ತಿದ್ದೆ. ಅವರ ಊರಲ್ಲಿ ಕದಿಯಲು ಕಟ್ಟಿಗೆ, ಕುಳ್ಳು ಇರುತ್ತಿದ್ದವು. ಇಲ್ಲೇನಿದೆ? ೨೦೧೭ರಲ್ಲಿ ಅವರು ಕದ್ದದ್ದು ಯಾರೋ ಅಡುಗೆಮನೆ ಕಿತ್ತು ಹೊಸದು ಮಾಡಿಸಿ ಹೊರಗೆ ಒಟ್ಟಿದ್ದ ಪ್ಲೈವುಡ್ ಬಾಗಿಲುಗಳನ್ನು. ಮೈಕಾ, ಬಣ್ಣ, ಅಂಟು ಎಲ್ಲ ಇತ್ತು. ಕಳ್ಳತನದ ಸಂಭ್ರಮದಲ್ಲಿ ಮನುಷ್ಯನಿಗೆ ಬುದ್ಧಿ ಎಲ್ಲಿ ಹೋಯಿತೋ!

ಸಂಜೆ ಏಳಕ್ಕೆ ಎಂದಿನಂತೆ ಕಥೆ ಹೇಳಿದರು. ತಪಸ್ಸಿಗೆ ಕೂತ ಶಿವ, ತಾರಕನ ಕಾಟ ತಾಳದೆ ದೇವತೆಗಳು ಕಳಿಸಿದ ಕಾಮ, ಹೂವಿನ ಬಾಣ, ಉರಿಗಣ್ಣು, ಬೂದಿಯ ಮುಂದೆ ಗೋಳಾಡಿದ ರತಿ. ಗಂಡ ಮೈಯಿಲ್ಲದವನಾಗಿಯಾದರೂ ಇರಲೆಂದು ಆಕೆ ವರ ಪಡೆದದ್ದು. ಆಮೇಲೆ ಬೆಂಕಿ ಇಟ್ಟರು. ನಾವೆಲ್ಲ ಅಂಗೈಯಿಂದ ಬಾಯಿ ಬಡಿದುಕೊಂಡು "ಲಬೋ ಲಬೋ" ಎಂದು ಹೊಯ್ದುಕೊಂಡೆವು. ಅದೇ ಪದ್ಧತಿ. ವರ್ಷಕ್ಕೊಮ್ಮೆ ಗಂಟಲು ಹರಿಯುವಂತೆ ಅರಚಲು ಯಾರಿಗೆ ಇಷ್ಟವಿಲ್ಲ?

ಕಪ್ಪು ಹೊಗೆ ಎದ್ದು ನೇರವಾಗಿ ಮೊದಲನೇ ಮಹಡಿಗೆ ನುಗ್ಗಿತು. ಅಲ್ಲಿ ಉಬ್ಬಸದ ಅಂಜನಮ್ಮ ಇದ್ದರು. ಈ ಕಟ್ಟಡ ನಿಂತಿರುವುದೇ ಅವರ ರಾಗಿ ಹೊಲದಲ್ಲಿ. ಅವರ ಸೊಸೆ ರಾಣಿ ಬಾಲ್ಕನಿಗೆ ಬಂದು ಕೂಗಿಕೊಂಡಳು. ಕೆಳಗೆ ಐವತ್ತು ಜನ ಕೂಗುತ್ತಿದ್ದೆವು. ಕೊನೆಗೆ ಆಕೆ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿಬಂದು ಮಹಾಲಿಂಗಪ್ಪನವರ ಅಂಗಿ ಹಿಡಿದು ಎಳೆದಾಗಲೇ ನಮ್ಮ ಬಾಯಿ ನಿಂತದ್ದು.

ಅಂಜನಮ್ಮ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಬದುಕಿ ಬಂದರು, ಆದರೆ ಮನೆಯಲ್ಲೂ ಆಕ್ಸಿಜನ್ ಮೆಷಿನ್ ಬೇಕಾಯಿತು. ಮೀಟಿಂಗಿನಲ್ಲಿ ಮಹಾಲಿಂಗಪ್ಪ ತಲೆ ಎತ್ತಲಿಲ್ಲ. "ಕದ್ದದ್ದು ನಾನ. ರಾಣಿ ಕೂಗಿದ್ದು ಕೇಳಿಸ್ಲಿಲ್ರೀ" ಎಂದರು. ಕಾಂಪೌಂಡಿನೊಳಗೆ ಇನ್ನು ಬೆಂಕಿ ಹಾಕುವಂತಿಲ್ಲ ಎಂದು ಬರೆದುಕೊಂಡೆವು. ಅವರು ಹೋಳಿಗೆ ಬಾರಿಸುತ್ತಿದ್ದ ಹಲಗೆಯನ್ನು ಅಟ್ಟಕ್ಕೆ ಹಾಕಿದರು. ಸಹಕಾರನಗರದ ಪಾರ್ಕಿಗೆ ವಾಕಿಂಗ್ ಹೋಗುವುದನ್ನೂ ಬಿಟ್ಟರು. ನನಗೆ ಅವರ ಮೇಲೆ ಸಿಟ್ಟೂ ಇತ್ತು, ಮರುಕವೂ ಇತ್ತು.

ಮರುವರ್ಷ ಹುಣ್ಣಿಮೆಗೆ ಎರಡು ದಿನ ಮುಂಚೆ ಅವರೇ ನನ್ನ ಮನೆಗೆ ಬಂದರು. "ಕಾಮಗ ಮೈಯೇ ಇಲ್ಲ ಅಂದಮ್ಯಾಲ ಸುಡೂದು ಏನ್ ಐತ್ರೀ?" ಉದುರಿದ ಎಲೆ, ಒಣಹುಲ್ಲು ಕಟ್ಟಿ, ಬಣ್ಣವಿಲ್ಲದ ಮಣ್ಣಿನ ಮುಖವಿಟ್ಟು ಕಾಮಣ್ಣನನ್ನು ಮಾಡಿದ್ದರು. ಹುಣ್ಣಿಮೆಯ ಸಂಜೆ ಅವನ ಮುಂದೆ ಒಂದು ಎಣ್ಣೆ ದೀಪ. ಪೂಜೆಯಾದ ಮೇಲೆ ಅವನನ್ನು ಎಲೆಗೊಬ್ಬರದ ಗುಂಡಿಗೆ ಇಳಿಸಿ ನೀರು ಹಾಕಿದೆವು. ಯಾರೂ ಬಾಯಿ ಬಡಿದುಕೊಳ್ಳಲಿಲ್ಲ.

ಕಾಮನ ಬೆಂಕಿ ಮನೆಗೊಯ್ದು ಒಲೆ ಹೊತ್ತಿಸಿ ಕಡಲೆ ಹುರಿಯುವುದು ಅವರ ಕಡೆಯ ಪದ್ಧತಿ. ಅವರ ಹೆಂಡತಿ ಶರಣವ್ವ ಆ ದೀಪದಿಂದಲೇ ಗ್ಯಾಸ್ ಹಚ್ಚಿ ಕಡಲೆ ಹುರಿದರು. ಆಕ್ಸಿಜನ್ ಇರುವ ಮನೆಗೆ ದೀಪ ಒಯ್ಯುವಂತಿಲ್ಲ. ಮಹಾಲಿಂಗಪ್ಪ ಕಡಲೆಯ ಬಟ್ಟಲನ್ನಷ್ಟೇ ಹಿಡಿದು ಅಂಜನಮ್ಮನ ಮನೆಗೆ ಹೊರಟರು. ಒಬ್ಬರೇ ಹೋಗಲು ಧೈರ್ಯವಿಲ್ಲದೆ ನನ್ನನ್ನೂ ಕರೆದರು.

ಅಂಜನಮ್ಮ ಮೂಗಿನ ನಳಿಗೆಯನ್ನು ಸರಿಮಾಡಿಕೊಂಡು ಅವರನ್ನೇ ನೋಡಿದರು. "ಅವತ್ತು ರಾಣಿ ಕೂಗಿದ್ದು ನಿಂಗೆ ಕೇಳಿಸ್ಲೇ ಇಲ್ವೇನಪ್ಪಾ?"

ಮಹಾಲಿಂಗಪ್ಪ ಬಟ್ಟಲನ್ನು ಅವರ ಮುಂದಿಟ್ಟರು.

"ಕೇಳಿಸಿತ್ತವ್ವಾ. ಮೀಟಿಂಗಿನ್ಯಾಗ ಸುಳ್ಳು ಹೇಳೀನಿ. ಮ್ಯಾಲ ನೋಡಿದೆ. ಹಬ್ಬಕ್ಕ ಹೊಯ್ಕೊಳ್ಳಾಕ್ಹತ್ತ್ಯಾಳ ಅಂತ ತಿಳ್ಕೊಂಡು... ನಾನೂ ತಿರುಗಿ ಇನ್ನಷ್ಟು ಜೋರ ಹೊಯ್ಕೊಂಡೆ."

ಅಂಜನಮ್ಮ ಬಟ್ಟಲಿನಿಂದ ಒಂದು ಕಡಲೆ ತೆಗೆದು ಬೆರಳಲ್ಲಿ ಒತ್ತಿ ನೋಡಿ ವಾಪಸ್ ಹಾಕಿದರು.

"ಇಂಗೆ ಗಟ್ಟಿಯಾಗಿದ್ರೆ ನಾನ್ ಎಂಗ್ ತಿನ್ಲಿ? ಬಾಯಲ್ಲಿ ಒಂದ್ ಅಲ್ಲೂ ಇಲ್ಲ ನಂಗೆ. ಪುಡಿ ಮಾಡ್ಕೊಂಡ್ ಬಾ ಓಗು."

ಅವರು ಕಣ್ಣೊರೆಸಿಕೊಂಡು ಬಟ್ಟಲು ಹಿಡಿದು ಮೆಟ್ಟಿಲಿಳಿದು ಹೋದರು. ನಾನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ. ಅಂಜನಮ್ಮ ನನ್ನ ಕಡೆ ತಿರುಗಿ, "ಪಾಪ, ಒಂದ್ ವರ್ಸ ಒಟ್ಟೇಲಿಟ್ಕೊಂಡಿದ್ದ" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಬೆಂಕಿ ಇಟ್ಟ ಆ ಸಂಜೆ ಮಹಾಲಿಂಗಪ್ಪನವರ ಪಕ್ಕದಲ್ಲೇ ನಿಂತಿದ್ದವಳು ನಾನು. ನಾನೂ ಬಾಲ್ಕನಿ ಕಡೆ ನೋಡಿದ್ದೆ, ರಾಣಿಗೆ ಕೈ ಬೀಸಿದ್ದೆ. ಅದನ್ನು ಅಂಜನಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ.