ಫೋಟೋದಲ್ಲಿ ಕಂಡ ಪಾಲೆ ಮರ

ಸೇವಂತಿಗೆ ಯಾರು ಏನು ಹೇಳಿದರೂ ಮೊದಲು ಹುಟ್ಟುವುದು ಅನುಮಾನ. ಕಡಬದ ಆಚೆ ಒಂದು ನರ್ಸರಿಯಲ್ಲಿ ಇಪ್ಪತ್ತೆರಡು ವರ್ಷ ಬೀಜ ಹೆಕ್ಕಿ, ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬಿ ಬದುಕಿದವಳು. ಒಮ್ಮೆ ಯಾರದೋ ಬಾಯಿಮಾತು ನಂಬಿ ಉಪ್ಪಿನಕಾಯಿಯ ಮಿಡಿ ಮಾವಿನದೆಂದು ಗೊರಟು ಊರಿದಳು. ಗಿಡ ಕೊಂಡವರು ಆರು ವರ್ಷದ ಮೇಲೆ, ಬೇರೆಯೇ ಕಾಯಿ ಬಿಟ್ಟಾಗ, ಅವಳನ್ನು ಹುಡುಕಿಕೊಂಡು ಬಂದು ಬೈದು ಹೋದರು. ಅಂದಿನಿಂದ ಮರವನ್ನು ಕಣ್ಣಾರೆ ನೋಡದೆ ಒಂದು ಬೀಜವನ್ನೂ ಮುಟ್ಟಿದವಳಲ್ಲ.

ಆಟಿ ಅಮಾವಾಸ್ಯೆಯ ಮುನ್ನಾದಿನ ಮಧ್ಯಾಹ್ನ ಭಜನಾ ಮಂಡಳಿಯ ವಾಟ್ಸಾಪ್ ಗುಂಪಿಗೆ ಲತೀಶ್ ಒಂದು ಫೋಟೋ ಹಾಕಿದ. ವಯರಿಂಗ್ ಕೆಲಸದ ಲತೀಶನಿಗೆ ಈ ಸಲ ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ತರುವ ಜವಾಬ್ದಾರಿ. ಪ್ರತಿ ವರ್ಷ ತರುತ್ತಿದ್ದ ಬೋಜಪ್ಪನವರಿಗೆ ಗಂಟುನೋವು. ಕೆತ್ತೆ ತೆಗೆಯುವ ಬೆಳಗಿನ ಕತ್ತಲಲ್ಲಿ ಗುರುತು ತಪ್ಪಬಾರದೆಂದು ಲತೀಶ್ ಸುಳ್ಯದಿಂದ ಬರುವಾಗ ರಸ್ತೆ ಬದಿಯ ಮರಕ್ಕೆ ಕೆಂಪು ನೂಲು ಕಟ್ಟಿ, ಆಚೆ ಬದಿಯಲ್ಲಿ ನಿಂತು ಫೋಟೋ ತೆಗೆದಿದ್ದ. ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಕಷಾಯ ಕುಡಿಯುವುದು ಊರಿನ ರೂಢಿ, ಮಂದಿರದಲ್ಲಿ ಇನ್ನೂರು ಜನಕ್ಕೆ ಅದು ಆಗಬೇಕಿತ್ತು. "ಮರ ಸರಿ ಉಂಟು" ಎಂದು ಬೋಜಪ್ಪನವರು ಉತ್ತರ ಬರೆದರು. ಅದರ ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು.

ಸೇವಂತಿ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿದಳು. ಮೇಲೆ ನೆತ್ತಿ ಪಾಲೆಯದ್ದೇ: ಕೊಡೆಯ ಮೇಲೆ ಕೊಡೆ ಇಟ್ಟ ಹಾಗೆ ಅಂತಸ್ತು ಅಂತಸ್ತಾದ ಕೊಂಬೆ, ಅದರ ತುದಿಯಲ್ಲಿ ಸುತ್ತ ಹರಡಿದ ಎಲೆ. ಕೆಳಗೆ ಇಳಿದಾಗ ಅವಳ ಹುಬ್ಬು ಗಂಟಾಯಿತು. ಅಷ್ಟು ದೊಡ್ಡ ನೆತ್ತಿಯ ಪಾಲೆಯ ಕಾಂಡ ಒರಟಾಗಿರಬೇಕು, ಬುಡದಲ್ಲಿ ಉಬ್ಬಿದ ಏಣು ಬಂದಿರಬೇಕು. ನೂಲು ಕಟ್ಟಿದ ಕಾಂಡ ತೆಳ್ಳಗಿತ್ತು. ತೊಗಟೆ ಬೂದು ಬಣ್ಣದ್ದು, ನಯ. ಬುಡದ ಜಲ್ಲಿಯ ಮೇಲೆ ಎರಡು ಹಸಿರು ಉಂಡೆಗಳು. ಪಾಲೆಯ ಕಾಯಿ ಅಲಸಂಡೆಯಂತೆ ಉದ್ದಕ್ಕೆ ನೇತಾಡುತ್ತದೆ, ಉಂಡೆ ಆಗುವುದಿಲ್ಲ.

ಅವಳು ಲತೀಶನಿಗೆ ಫೋನ್ ಮಾಡಿದಳು.

"ಲತೀಶ, ಆ ಮರದ ಬುಡದಲ್ಲಿ ಬಿದ್ದದ್ದು ಎಂತದು?"

"ಯಾರೋ ಲಿಂಬೆ ಬಿಸಾಡಿದ್ದು ಅಕ್ಕ. ನಿಮ್ಗೆ ದೇವರು ಎದುರು ಬಂದ್ರೂ ಆಧಾರ್ ಕಾರ್ಡ್ ಕೇಳ್ತೀರಿ!"

"ಕೇಳ್ತೇನೆ. ನಾಳೆ ನನ್ನ ಮಗಳು ಮೋಕ್ಷಿತಾ ಆ ಕಷಾಯ ಕುಡಿಯುದು. ಅವಳ ಸಣ್ಣ ಮಗುವಿಗೂ ಒಂದು ಚಮಚ ಕೊಡುದು. ಕಾಸರ್ಕ ಆದ್ರೆ ಎಂತ ಮಾಡುದು?"

ಕಾಸರ್ಕ ಎಂದರೆ ವಿಷದ ಮರ. ಲತೀಶನ ದನಿ ಬಿಗಿಯಿತು. "ಬೋಜಪ್ಪಣ್ಣ ಸರಿ ಅಂತ ಹೇಳಿಯಾಗಿದೆ. ನಾನು ಮಾಡುದು ಬೇಡ ಅಂತ ಇದ್ರೆ ನೇರ ಹೇಳಿ ಮಾರಾಯ್ರೆ."

ಅವಳು ಬೋಜಪ್ಪನವರನ್ನೂ ಕೇಳಿದಳು. "ನಾನು ನೆತ್ತಿ ನೋಡಿದ್ದು. ಬುಡ ಈ ಸಣ್ಣ ಫೋನಿನಲ್ಲಿ ಎಲ್ಲಿ ಕಾಣ್ತದೆ? ಕಹಿ ಇದ್ರೆ ಪಾಲೆಯೇ, ಕುದಿಸುವಾಗ ಗೊತ್ತಾಗ್ತದೆ" ಎಂದರು.

"ಕಾಸರ್ಕವೂ ಕಹಿಯೇ ಬೋಜಪ್ಪಣ್ಣ. ಕಹಿಯಲ್ಲಿ ಗುರುತು ಸಿಕ್ಕುದಿಲ್ಲ."

"ಹಾಗಾದ್ರೆ ಜೀಪು ಮಾಡಿ ಹೋಗಿ ನೋಡಿ. ನಾನು ಲತೀಶನಿಗೆ ಹೇಳ್ತೇನೆ" ಎಂದರು.

ಲತೀಶ್ ಮುಖ ಆಚೆ ತಿರುಗಿಸಿಕೊಂಡೇ ಜೀಪು ಹತ್ತಿದ. ಸೇವಂತಿಗೆ ಈಗ ತನ್ನ ಮೇಲೆಯೇ ಅನುಮಾನ. ನೆರಳು ಬಿದ್ದು ತೊಗಟೆ ನಯವಾಗಿ ಕಂಡಿತೋ ಏನೋ. ತಪ್ಪಾದರೆ ನಾಳೆ ಮಂದಿರದಲ್ಲಿ ತಲೆ ಎತ್ತುವ ಹಾಗಿಲ್ಲ. ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಂಡು ಕುಳಿತಳು.

ಜೀಪು ನಿಂತ ಕಡೆ ರಸ್ತೆಯಿಂದ ನೋಡಿದರೆ ಒಂದೇ ಮರ. ಸೇವಂತಿ ಚರಂಡಿ ದಾಟಿ ಬದಿಗೆ ಸರಿದಳು. ಮರ ಎರಡಾಯಿತು. ಮುಂದಿನದ್ದರ ಕಾಂಡಕ್ಕೆ ನೂಲು. ಅದರ ಚೆದುರಿದ ಕೊಂಬೆಗಳು ಹಿಂದಿನ ಮರದ ಹಸಿರಿನಲ್ಲಿ ಬೆರೆತುಹೋಗಿದ್ದವು. ಹತ್ತು ಹೆಜ್ಜೆ ಹಿಂದೆ, ಬುಡವನ್ನೆಲ್ಲ ಪೊದೆಯಲ್ಲಿ ಅಡಗಿಸಿಕೊಂಡು ಪಾಲೆ ನಿಂತಿತ್ತು. ಫೋಟೋದಲ್ಲಿ ಮುಂದಿನದರ ಕಾಂಡಕ್ಕೆ ಹಿಂದಿನದರ ನೆತ್ತಿ ಕೂಡಿತ್ತು.

ಅವಳು ಮುಂದಿನ ಮರದ ಒಂದು ರೆಂಬೆ ಬಗ್ಗಿಸಿದಳು. ಎಲೆಗಳು ಎದುರುಬದುರಾಗಿ ಜೋಡಿ ಜೋಡಿ, ಪ್ರತಿ ಎಲೆಯಲ್ಲೂ ಬುಡದಿಂದಲೇ ಹೊರಟ ಮೂರು ದಪ್ಪ ನರ. ಒಂದನ್ನು ಕಿತ್ತು ತೊಟ್ಟು ತೋರಿಸಿದಳು. ಒಣಕಲು, ಪಾಲೆಯಲ್ಲಿ ಬರುವ ಹಾಲು ಇಲ್ಲ. ಕೊಂಬೆಯ ನಡುವೆ ಕಿತ್ತಳೆಯಷ್ಟು ಗಾತ್ರದ ಹಸಿರು ಕಾಯಿಗಳು.

"ಲಿಂಬೆ ಅಲ್ಲ" ಎಂದ ಲತೀಶ್.

"ಕಾಸರ್ಕ. ಮೊದಲು ನೂಲು ಬಿಚ್ಚು."

ಗಂಟು ಬಿಗಿಯಾಗಿತ್ತು. ಕೊನೆಗೆ ಹಲ್ಲು ಹಚ್ಚಲು ಹೋದಾಗ ಸೇವಂತಿ, "ಬಾಯಿ ಹಾಕ್ಬೇಡ ಮಾರಾಯ!" ಎಂದು ಅವನ ಹೆಗಲು ಹಿಡಿದು ಎಳೆದಳು. ನೂಲನ್ನು ಉಗುರಿನಿಂದ ಅವಳೇ ಬಿಡಿಸಿದಳು.

ಪೊದೆ ಸರಿಸಿ ಹಿಂದಿನ ಮರದ ಹತ್ತಿರ ಹೋದಾಗ ಲತೀಶ್ ನೂಲು ಸುತ್ತಲಿಲ್ಲ. "ಇದು ಪಾಲೆಯೇ ಅಂತ ಹೇಗೆ ಹೇಳುದು ಅಕ್ಕ? ನೀವೂ ಮನುಷ್ಯರೇ ಅಲ್ವಾ?"

ಸೇವಂತಿಗೆ ಈ ಮಾತು ಹಿಡಿಸಿತು. ಬಾಗಿದ ಗೆಲ್ಲಿನ ಸುತ್ತು ಎಲೆಗಳನ್ನು ಅವನ ಕೈಗೆ ಹಿಡಿಸಿದಳು. "ಎಣಿಸು. ಪಾಲೆಗೆ ಒಂದು ಸುತ್ತಿಗೆ ಆರೇಳು ಎಲೆ."

"ಆರು... ಏಳು."

"ತೊಟ್ಟು ಮುರಿ."

ಮುರಿದಲ್ಲಿ ಬೆಳ್ಳಗೆ ಹಾಲು ಒಸರಿತು. ಅಷ್ಟಕ್ಕೂ ಅವನು ಬಿಡಲಿಲ್ಲ. ಕಾಂಡದ ಒರಟು ತೊಗಟೆಯನ್ನು ಅಂಗೈಯಿಂದ ಸವರಿದ, ಬುಡದ ಏಣು ಮುಟ್ಟಿದ, ಕೊಂಬೆ ಇದೇ ಕಾಂಡದಿಂದ ಹೊರಟದ್ದು ಹೌದೋ ಎಂದು ಕತ್ತು ಎತ್ತಿ ಮರಕ್ಕೆ ಪೂರ್ತಿ ಒಂದು ಸುತ್ತು ಬಂದ. ಆಮೇಲೆ ನೂಲು ಸುತ್ತಿ ಎರಡು ಗಂಟು ಹಾಕಿದ.

"ನಾಳೆ ಕೆತ್ತೆ ತೆಗೆಯುವಾಗ ನೀವೂ ಬರ್ಬೇಕು ಅಕ್ಕ" ಎಂದ. "ಮೋಕ್ಷಿತಾನ ಮಗುವಿಗೆ ಕೊಡುವ ಮೊದಲು ನಾನು ಕುಡೀತೇನೆ."